ಕರಿ ಅಂಚಿನ ಜೆರಾಕ್ಸ್ ಮತ್ತು ಫ್ಯಾಕ್ಸ್ ಪತ್ರಗಳನ್ನು ಶುಚಿಗೊಳಿಸುವ ಕ್ರಮ: ಬರೆದವರ ಬಿಂದು, ಯಂತ್ರದ ಚುಕ್ಕೆ

ಕೈಬರಹದ ಪತ್ರದ ಮೂಲ ಕಳೆದುಹೋಗಿ ಅದರ ಹಳೆಯ ಜೆರಾಕ್ಸ್ ಪ್ರತಿಯೊಂದೇ ಉಳಿದಿರುವಾಗ, ಆ ಪ್ರತಿಯಲ್ಲಿ ಸಾಮಾನ್ಯವಾಗಿ ಎರಡು ತೊಂದರೆಗಳು ಕಾಣುತ್ತವೆ. ಹಾಳೆಯ ಒಂದೆರಡು ಬದಿಗಳಲ್ಲಿ ದಪ್ಪ ಕರಿ ಪಟ್ಟಿ ಇರುತ್ತದೆ. ಉಳಿದ ಭಾಗದ ತುಂಬ ಸಾಸಿವೆ ಚೆಲ್ಲಿದಂತೆ ಕರಿ ಚುಕ್ಕೆಗಳಿರುತ್ತವೆ. ಚಿತ್ರ ತಿದ್ದುವ ಬಹುತೇಕ ತಂತ್ರಾಂಶಗಳಲ್ಲಿ ಚುಕ್ಕೆ ತೆಗೆಯುವ ಸಿದ್ಧ ಆದೇಶವೊಂದು ಇದ್ದೇ ಇರುತ್ತದೆ. ಅದನ್ನು ಒತ್ತಿದ ಕೂಡಲೇ ಪುಟ ಬೆಳ್ಳಗಾಗುತ್ತದೆ, ಆದರೆ ಚುಕ್ಕೆಗಳ ಜೊತೆಗೆ ವಾಕ್ಯದ ಕೊನೆಯ ಪೂರ್ಣವಿರಾಮ, ಅವಸರದಲ್ಲಿ ಬಿಂದುವಿನಷ್ಟೇ ಚಿಕ್ಕದಾಗಿ ಬರೆದ ಅನುಸ್ವಾರ, ಮೊತ್ತದ ನಡುವಿನ ದಶಾಂಶ ಬಿಂದು ಇವೂ ಹೋಗಿರುತ್ತವೆ. ಅಚ್ಚಾದ ಪಠ್ಯದಲ್ಲಿ ಎಲ್ಲ ಬಿಂದುಗಳೂ ಒಂದೇ ಗಾತ್ರದವಾದ್ದರಿಂದ ಅವನ್ನು ಉಳಿಸಿಕೊಳ್ಳುವುದು ಸುಲಭ. ಕೈಬರಹದಲ್ಲಿ ಒಂದು ಬಿಂದು ಒತ್ತಿ ಇಟ್ಟದ್ದು, ಇನ್ನೊಂದು ಪೆನ್ನು ತಾಗಿಸಿ ಎತ್ತಿದ್ದು. ಆದ್ದರಿಂದ ಇಲ್ಲಿ ಮುಖ್ಯ ಕೆಲಸವೆಂದರೆ ಯಂತ್ರ ಹಾಕಿದ ಚುಕ್ಕೆ ಯಾವುದು, ಬರೆದವರು ಇಟ್ಟ ಬಿಂದು ಯಾವುದು ಎಂದು ಗುರುತಿಸುವುದು. ಅಳಿಸುವುದು ಅದರ ನಂತರದ ಮಾತು.

ಒಂದು ಉದಾಹರಣೆಯನ್ನು ಹಿಡಿದು ಮುಂದುವರಿಯೋಣ. ಎ4 ಅಳತೆಯ ಮೂರು ಹಾಳೆಗಳ ಒಂದು ಪತ್ರವಿದೆ ಎಂದಿಟ್ಟುಕೊಳ್ಳಿ. ಬಾಲ್ ಪೆನ್ನಿನಲ್ಲಿ ಬರೆದದ್ದು. ನಮ್ಮ ಕೈಯಲ್ಲಿರುವುದು ಜೆರಾಕ್ಸಿನ ಜೆರಾಕ್ಸ್. ಎಡಕ್ಕೆ ಮತ್ತು ಮೇಲಕ್ಕೆ ಕರಿ ಪಟ್ಟಿಯಿದೆ. ಎರಡನೆಯ ಪುಟದಲ್ಲಿ ಒಂದು ಮೊತ್ತ ‘12.50’ ಎಂದು ಕಾಣುತ್ತದೆ, ಆದರೆ ಸಂದರ್ಭ ನೋಡಿದರೆ ಅದು ‘1250’ ಇರಬೇಕೆನ್ನಿಸುತ್ತದೆ.

## ಕೊಳೆಯ ಮೂಲವನ್ನು ಮೊದಲು ತಿಳಿಯುವುದು

ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಇಟ್ಟ ಕಾಗದ ಚಿಕ್ಕದಾಗಿದ್ದು ಮುಚ್ಚಳ ಪೂರ್ತಿ ಮುಚ್ಚದಿದ್ದರೆ, ಕಾಗದವಿಲ್ಲದ ಜಾಗದಿಂದ ಬೆಳಕು ಹಿಂತಿರುಗುವುದಿಲ್ಲ; ಬೆಳಕು ಬಾರದ ಜಾಗವನ್ನು ಯಂತ್ರ ಕಪ್ಪಾಗಿ ಅಚ್ಚಿಸುತ್ತದೆ. ಹೊಲಿದ ಕಡತದಿಂದ ಪ್ರತಿ ತೆಗೆದಾಗ ಹೊಲಿಗೆಯ ಬದಿ ಗಾಜಿನಿಂದ ಮೇಲೆದ್ದಿರುವುದರಿಂದ ಅಲ್ಲಿಯೂ ಇದೇ ಆಗುತ್ತದೆ, ಆದರೆ ಅಂಚು ಗೆರೆ ಹೊಡೆದಂತಿರದೆ ಬೂದು ಬಣ್ಣದಿಂದ ನಿಧಾನವಾಗಿ ಕಪ್ಪಿಗೆ ತಿರುಗುತ್ತದೆ.

ಚುಕ್ಕೆಗಳಲ್ಲಿ ಮೂರು ಬಗೆಗಳಿವೆ. ಗಾಜಿನ ಮೇಲಿನ ಧೂಳು ಅಥವಾ ಅಂಟು ಪ್ರತಿ ಪುಟದಲ್ಲಿಯೂ ಅದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಯಂತ್ರದೊಳಗಿನ ಡ್ರಮ್ಮಿನ ಮೇಲಿರುವ ಗೀರು, ಕಾಗದ ಸಾಗುವ ದಿಕ್ಕಿನಲ್ಲಿ ಡ್ರಮ್ಮಿನ ಸುತ್ತಳತೆಯಷ್ಟು ಅಂತರಕ್ಕೊಮ್ಮೆ ಮರುಕಳಿಸುತ್ತದೆ. ಸಣ್ಣ ಡ್ರಮ್ ಆಗಿದ್ದರೆ ಒಂದೇ ಪುಟದಲ್ಲಿ ಎರಡು ಮೂರು ಸಲ ಬರುವುದೂ ಉಂಟು. ಟೋನರ್ ಪುಡಿ ಬಿಳಿಯ ಭಾಗದಲ್ಲಿ ಕೂತು ಆಗುವ ಚುಕ್ಕೆಗಳಿಗೆ ಮಾತ್ರ ಯಾವ ಕ್ರಮವೂ ಇಲ್ಲ, ಮತ್ತು ಅವು ಸಾಮಾನ್ಯವಾಗಿ ಅತಿ ಚಿಕ್ಕವು. ಪ್ರತಿಯ ಪ್ರತಿ ತೆಗೆದಾಗಲೆಲ್ಲ ಹಳೆಯ ಚುಕ್ಕೆಗಳು ಗಟ್ಟಿಯಾಗಿ ಹೊಸವು ಸೇರುತ್ತವೆ. ಮೊದಲ ಎರಡು ಬಗೆಗಳನ್ನು ಜಾಗದಿಂದ ಹಿಡಿಯಬೇಕು, ಮೂರನೆಯದನ್ನು ಗಾತ್ರದಿಂದ. ಎಲ್ಲವನ್ನೂ ಗಾತ್ರದಿಂದಲೇ ಹಿಡಿಯಲು ಹೊರಟಾಗ ಬರಹ ಹಾಳಾಗುತ್ತದೆ.

## ಸ್ಕ್ಯಾನ್ ಮಾಡುವಾಗ

ಹಾಳೆಗಳನ್ನು ಒಂದೊಂದಾಗಿ ಎಳೆದುಕೊಳ್ಳುವ ಯಂತ್ರಕ್ಕಿಂತ ಚಪ್ಪಟೆ ಗಾಜಿನ ಸ್ಕ್ಯಾನರ್ ಲೇಸು. ಗಾಜನ್ನು ಒರೆಸಿ, ಮೂರು ಹಾಳೆಗಳನ್ನೂ ಗಾಜಿನ ಒಂದೇ ಮೂಲೆಗೆ ತಾಗಿಸಿ ಇಡಿ. ಇದರ ಉಪಯೋಗ ಮುಂದೆ ತಿಳಿಯುತ್ತದೆ. ಅಂಗುಲಕ್ಕೆ 400 ಪಿಕ್ಸೆಲ್ ಸಾಕು. ಕಪ್ಪು-ಬಿಳುಪು ಎಂಬ ಆಯ್ಕೆ ಬೇಡ, ಬೂದುಛಾಯೆಯಲ್ಲಿ ತೆಗೆದುಕೊಳ್ಳಿ. ನೋಡಲು ಜೆರಾಕ್ಸ್ ಬರೀ ಕಪ್ಪು ಬಿಳುಪಾಗಿದ್ದರೂ, ಪೆನ್ನು ಮೇಲಕ್ಕೆ ಎಳೆದ ತೆಳು ಗೆರೆಗಳು ಮತ್ತು ಒಂದು ಪಿಕ್ಸೆಲ್ಲಿಗಿಂತ ಚಿಕ್ಕದಾದ ಟೋನರ್ ಪುಡಿ ಸ್ಕ್ಯಾನಿನಲ್ಲಿ ಬೂದಾಗಿಯೇ ದಾಖಲಾಗುತ್ತವೆ. ಎಲ್ಲಿಂದ ಕಪ್ಪು, ಎಲ್ಲಿಂದ ಬಿಳುಪು ಎಂಬ ತೀರ್ಮಾನವನ್ನು ಸ್ಕ್ಯಾನರಿಗೆ ಬಿಟ್ಟರೆ ಅದನ್ನು ಮತ್ತೆ ತಿದ್ದಲಾಗದು. ಜೆರಾಕ್ಸಿನ ಮೇಲೆ ನಂತರ ಯಾರಾದರೂ ನೀಲಿ ಅಥವಾ ಕೆಂಪು ಶಾಯಿಯಲ್ಲಿ ಬರೆದಿದ್ದರೆ ಬಣ್ಣದಲ್ಲಿಯೇ ತೆಗೆಯಬೇಕು, ಏಕೆಂದರೆ ಯಾವುದು ಮೂಲ ಪತ್ರದ್ದು, ಯಾವುದು ಆಮೇಲೆ ಸೇರಿದ್ದು ಎಂಬುದನ್ನು ಬಣ್ಣವೊಂದೇ ಹೇಳಬಲ್ಲದು. ಹಾಳೆಯ ಹಿಂಬದಿಯ ಬರಹ ಮುಂದಕ್ಕೆ ಹಾಯುತ್ತಿದ್ದರೆ ಹಿಂದೆ ಒಂದು ಕರಿ ಹಾಳೆಯನ್ನಿಟ್ಟು ಸ್ಕ್ಯಾನ್ ಮಾಡಿದರೆ ಅದು ಬಹಳ ಮಟ್ಟಿಗೆ ಮರೆಯಾಗುತ್ತದೆ.

ಟಿಫ್ ರೂಪದಲ್ಲಿ ಉಳಿಸಿ, ಆ ಕಡತವನ್ನು ಮುಟ್ಟದೆ ಎತ್ತಿಡಿ. ಜೇಪೆಗ್ ರೂಪವು ಪ್ರತಿ ಅಕ್ಷರದ ಸುತ್ತ ತನ್ನದೇ ಒಂದು ಬೂದು ಮಸುಕನ್ನು ಹುಟ್ಟಿಸುತ್ತದೆ; ಚುಕ್ಕೆ ತೆಗೆಯುವ ಕೆಲಸಕ್ಕೆ ಹೊಸ ಚುಕ್ಕೆಗಳನ್ನು ತಂದುಕೊಂಡಂತಾಗುತ್ತದೆ.

## ಪುಟಗಳನ್ನು ಒಂದರ ಮೇಲೊಂದಿಟ್ಟು ನೋಡುವುದು

ಈ ಹಂತವನ್ನು ಬಹಳ ಜನ ಮಾಡುವುದಿಲ್ಲ, ಆದರೆ ಒಂದೇ ಸಲ ಜೆರಾಕ್ಸ್ ಮಾಡಿಸಿದ ಹಲವು ಪುಟಗಳಿದ್ದಾಗ ಇದರಷ್ಟು ನಂಬಿಕೆಯ ಸಾಕ್ಷ್ಯ ಬೇರೆ ಸಿಗುವುದಿಲ್ಲ. ಪುಟಗಳ ಓರೆಯನ್ನು ತಿದ್ದುವ ಮೊದಲೇ ಇದನ್ನು ಮಾಡಬೇಕು, ಏಕೆಂದರೆ ಓರೆ ತಿದ್ದಿದ ಮೇಲೆ ಗಾಜಿನ ಕಲೆಯ ಜಾಗ ಪ್ರತಿ ಪುಟದಲ್ಲಿಯೂ ಬೇರೆಯಾಗಿಬಿಡುತ್ತದೆ.

ಗಿಂಪ್ ತಂತ್ರಾಂಶದಲ್ಲಿ ಮೂರು ಪುಟಗಳನ್ನೂ ಒಂದೇ ಚಿತ್ರದ ಮೂರು ಪದರಗಳಾಗಿ ತೆರೆಯಿರಿ. ಮೇಲಿನ ಎರಡು ಪದರಗಳ ವಿಧಾನವನ್ನು ‘Lighten only’ ಎಂದು ಬದಲಿಸಿ. ಈಗ ಪರದೆಯ ಮೇಲೆ ಕಪ್ಪಾಗಿ ಉಳಿಯುವುದು ಮೂರೂ ಪುಟಗಳಲ್ಲಿ ಕಪ್ಪಾಗಿರುವ ಜಾಗ ಮಾತ್ರ: ಕರಿ ಪಟ್ಟಿ, ಗಾಜಿನ ಕಲೆಗಳು, ಮತ್ತು ಮೂರು ಪುಟಗಳ ಬರಹ ಆಕಸ್ಮಿಕವಾಗಿ ಒಂದರ ಮೇಲೊಂದು ಬಿದ್ದ ಕೆಲವು ತುಣುಕುಗಳು. ಯಂತ್ರ ಕಾಗದವನ್ನು ಎಳೆದುಕೊಳ್ಳುವಾಗ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾಗಿರುವುದು ಸಹಜವಾದ್ದರಿಂದ, ಸ್ಪಷ್ಟವಾದ ದೊಡ್ಡ ಕಲೆಯೊಂದನ್ನು ಗುರುತಾಗಿ ಇಟ್ಟುಕೊಂಡು, ಅದು ಮೂರರಲ್ಲಿಯೂ ಕೂಡುವವರೆಗೆ ಪದರಗಳನ್ನು ಸರಿಸಬೇಕು. ಯಾವ ಕಲೆಯೂ ಕೂಡದಿದ್ದರೆ ಒಂದು ಹಾಳೆಯನ್ನು ತಲೆಕೆಳಗಾಗಿ ಇಟ್ಟು ಜೆರಾಕ್ಸ್ ಮಾಡಿರಬಹುದು. ಆ ಪದರವನ್ನು 180 ಡಿಗ್ರಿ ತಿರುಗಿಸಿ ಮತ್ತೊಮ್ಮೆ ನೋಡಿ.

ನಮ್ಮ ಉದಾಹರಣೆಯಲ್ಲಿ ‘12.50’ರ ಬಿಂದುವಿನ ಜಾಗದಲ್ಲಿ ಮೂರು ಪುಟಗಳಲ್ಲಿಯೂ ಕಪ್ಪು ಉಳಿಯುತ್ತದೆ. ಒಂದನೆಯ ಪುಟದಲ್ಲಿ ಅದು ಎರಡು ಸಾಲುಗಳ ನಡುವಿನ ಖಾಲಿ ಜಾಗದಲ್ಲಿದೆ, ಮೂರನೆಯದರಲ್ಲಿ ಸಹಿಯ ಕೆಳಗೆ ಒಂಟಿಯಾಗಿದೆ. ಅಲ್ಲಿಗೆ ಅದು ಗಾಜಿನ ಕಲೆ, ಮೊತ್ತ 1250. ಆ ಕಲೆಯ ವ್ಯಾಸ ಸುಮಾರು ಅರ್ಧ ಮಿಲಿಮೀಟರ್, ಅಂದರೆ ಒತ್ತಿ ಇಟ್ಟ ಪೂರ್ಣವಿರಾಮದಷ್ಟೇ. ಗಾತ್ರ ನೋಡಿ ತೆಗೆಯುವ ಯಾವ ವಿಧಾನವೂ ಅದನ್ನು ಹಿಡಿಯುತ್ತಿರಲಿಲ್ಲ.

ಎರಡೇ ಪುಟಗಳಿದ್ದರೆ ಬರಹದ ಆಕಸ್ಮಿಕ ಕೂಡುವಿಕೆ ಹೆಚ್ಚಿರುವುದರಿಂದ ಈ ಪರೀಕ್ಷೆ ಅಷ್ಟು ಗಟ್ಟಿಯಲ್ಲ. ಗೆರೆ ಹಾಕಿದ ಕಾಗದದಲ್ಲಿ ಬರೆದಿದ್ದರೆ ಸಾಲುಗಳ ಆರಂಭದ ಅಕ್ಷರಗಳು ಎಲ್ಲ ಪುಟಗಳಲ್ಲಿಯೂ ಒಂದೇ ಎತ್ತರಕ್ಕೆ ಬರುತ್ತವೆ, ಅಲ್ಲಿಯೂ ಎಚ್ಚರ ಬೇಕು. ಹೀಗೆ ಸಿಕ್ಕ ಕಲೆಗಳನ್ನು ಪ್ರತಿ ಪುಟದಲ್ಲಿಯೂ ಚಿಕ್ಕ ಬಿಳಿ ಕುಂಚದಿಂದ ಕೈಯಾರೆ ಮುಚ್ಚಿ. ಅಕ್ಷರದ ಮೇಲೆಯೇ ಬಿದ್ದ ಕಲೆಯನ್ನು ಮುಚ್ಚಿದರೆ ಅಕ್ಷರವೂ ಹರಿಯುತ್ತದೆ. ಅದನ್ನು ಹಾಗೆಯೇ ಬಿಡುವುದು ಮೇಲು.

## ಕರಿ ಅಂಚು

ಉಳಿದೆಲ್ಲ ತಿದ್ದುಪಡಿಗಳಿಗೂ ಮೊದಲು ಅಂಚು ಹೋಗಬೇಕು. ಕಾರಣ ಸರಳವಾಗಿದೆ. ಓರೆಯನ್ನು ತಾನೇ ಅಳೆಯುವ ಆದೇಶವು ಸಾಲುಗಳನ್ನು ಬಿಟ್ಟು ದಪ್ಪ ಕರಿ ಪಟ್ಟಿಯ ಅಂಚನ್ನೇ ಹಿಡಿದುಬಿಡಬಹುದು. ಕಪ್ಪು-ಬಿಳುಪಿನ ಗಡಿಯನ್ನು ತಾನೇ ಆರಿಸುವ ಆದೇಶವು ಪುಟದ ಒಟ್ಟು ಕಪ್ಪನ್ನು ಲೆಕ್ಕಹಾಕುತ್ತದೆ. ಪಟ್ಟಿಯ ಕಪ್ಪು ಬರಹದ ಕಪ್ಪಿಗಿಂತ ಎಷ್ಟೋ ಪಾಲು ಹೆಚ್ಚಿರುವುದರಿಂದ ಆ ಗಡಿ ಪಟ್ಟಿಗೆ ಹೊಂದುತ್ತದೆ, ಮಸುಕು ಬರಹ ಬಿಳುಪಿನ ಕಡೆಗೆ ಬಿದ್ದು ಮಾಯವಾಗುತ್ತದೆ.

ಅಂಚಿನಿಂದ ಶುರುವಾಗಿ ಅಂಟಿಕೊಂಡಿರುವ ಕಪ್ಪನ್ನೆಲ್ಲ ಬಿಳಿಯಾಗಿಸುವ ಸ್ವಯಂಚಾಲಿತ ವಿಧಾನಗಳಿವೆ. ಬರಹ ಪಟ್ಟಿಯಿಂದ ದೂರವಿದ್ದರೆ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಪತ್ರ ಬರೆಯುವವರು ಕಾಗದದ ಕೊನೆಯವರೆಗೂ ಬರೆಯುವುದು ಸಾಮಾನ್ಯ. ಒಂದು ಅಕ್ಷರದ ಬಾಲ ಪಟ್ಟಿಗೆ ತಾಗಿದರೂ ಆ ಅಕ್ಷರ, ಅದಕ್ಕೆ ಅಂಟಿದ ಮುಂದಿನ ಅಕ್ಷರ, ಕೂಡಿಸಿ ಬರೆಯುವ ಲಿಪಿಯಾದರೆ ಇಡೀ ಪದವೇ ಪಟ್ಟಿಯ ಜೊತೆ ಅಳಿಸಿಹೋಗುತ್ತದೆ. ಆದ್ದರಿಂದ ಗಿಂಪಿನ ‘Free Select’ ಉಪಕರಣದಿಂದ ಪಟ್ಟಿಯ ಒಳ ಅಂಚನ್ನು ಅನುಸರಿಸಿ, ಬರಹ ಹತ್ತಿರ ಬಂದಲ್ಲಿ ಸುತ್ತಿ ಬಳಸಿ, ಆಯ್ದ ಭಾಗವನ್ನು ಬಿಳಿ ತುಂಬುವುದೇ ನನ್ನ ಸಲಹೆ. ಒಂದು ಪುಟಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ದಾರದ ತೂತು, ಪಿನ್ನಿನ ನೆರಳುಗಳನ್ನೂ ಇದೇ ಸಮಯದಲ್ಲಿ ಮುಚ್ಚಬಹುದು.

ಬರಹವು ಪಟ್ಟಿಯ ಒಳಗೇ ಹೋಗಿದ್ದರೆ, ಮೊದಲು ಬೂದುಛಾಯೆಯ ಸ್ಕ್ಯಾನಿನಲ್ಲಿ ಆ ಭಾಗವನ್ನು ಮಾತ್ರ ಬೆಳಕು ಹೆಚ್ಚಿಸಿ ನೋಡಿ. ಹೊಲಿಗೆಯ ಬದಿಯ ಬೂದು ನೆರಳಿನಲ್ಲಿ ಅಕ್ಷರಗಳು ಹಲವು ಸಲ ಓದಲು ಸಿಗುತ್ತವೆ. ಪೂರ್ತಿ ಕಪ್ಪಿನಲ್ಲಿ ಸಿಗುವುದಿಲ್ಲ, ಅಲ್ಲಿ ಟೋನರಿನ ಮೇಲೆ ಟೋನರ್ ಮಾತ್ರ ಇದೆ. ಅಂಥಲ್ಲಿ ಪಟ್ಟಿಯ ಒಂದು ತೆಳು ಭಾಗವನ್ನು ಉಳಿಸಿಬಿಡಿ. ಅದನ್ನೂ ಬಿಳಿ ಮಾಡಿದರೆ ಸಾಲು ಅಲ್ಲಿಗೇ ಮುಗಿದಿತ್ತೆಂದು ಓದುವವರು ತಪ್ಪು ತಿಳಿಯುತ್ತಾರೆ.

ಅಂಚು ಹೋದ ಮೇಲೆ ಓರೆಯನ್ನು ತಿದ್ದಿ. ಕೈಬರಹದ ಸಾಲುಗಳು ತಾವೇ ಏರಿಳಿಯುತ್ತವೆಯಾದ್ದರಿಂದ ಯಂತ್ರದ ಅಳತೆಗಿಂತ ಕಣ್ಣಳತೆಯಿಂದ ತಿರುಗಿಸುವುದು ಒಳ್ಳೆಯದು. ಓರೆ ಒಂದು ಡಿಗ್ರಿಗಿಂತ ಕಡಿಮೆಯಿದ್ದರೆ ಬಿಟ್ಟರೂ ನಡೆಯುತ್ತದೆ. ಪುಟದ ಹಿನ್ನೆಲೆಯಲ್ಲಿ ಬೂದು ಮಬ್ಬಿದ್ದರೆ ಪದರವನ್ನು ನಕಲಿಸಿ, ಮೇಲಿನ ನಕಲನ್ನು ಅಕ್ಷರಗಳು ಕರಗಿ ಮಬ್ಬು ಮಾತ್ರ ಉಳಿಯುವಷ್ಟು ‘Gaussian Blur’ನಿಂದ ಮಸುಕುಗೊಳಿಸಿ, ಅದರ ವಿಧಾನವನ್ನು ‘Divide’ ಎಂದು ಮಾಡಿ. ಕರಿ ಪಟ್ಟಿ ಇನ್ನೂ ಇದ್ದಿದ್ದರೆ ಅದರ ಮಸುಕು ಒಳಕ್ಕೆ ಹರಡಿ ಅಂಚಿನ ಬರಹವನ್ನು ತೆಳುವಾಗಿಸುತ್ತಿತ್ತು.

## ಗಾತ್ರದಿಂದ ಚುಕ್ಕೆ ತೆಗೆಯುವುದು

ಈಗ ಉಳಿದಿರುವುದು ಟೋನರಿನ ಪುಡಿಚುಕ್ಕೆಗಳು. ಗಿಂಪಿನ ‘Threshold’ ಆದೇಶದಿಂದ ಪುಟವನ್ನು ಶುದ್ಧ ಕಪ್ಪು-ಬಿಳುಪಾಗಿಸಿ. ಗಡಿಯನ್ನು ಆರಿಸುವಾಗ ಇಡೀ ಪುಟವನ್ನು ನೋಡದೆ, ಅತ್ಯಂತ ತೆಳುವಾದ ಗೆರೆಯಿರುವ ಒಂದು ಪದವನ್ನು ದೊಡ್ಡದಾಗಿ ಮಾಡಿ ನೋಡಿ. ಆ ಗೆರೆ ಹರಿಯದಂತೆ ಉಳಿಯುವ ಗಡಿಯೇ ಸರಿಯಾದದ್ದು. ಚುಕ್ಕೆಗಳು ಹೆಚ್ಚು ಕಂಡರೂ ಚಿಂತೆಯಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಅಂಗುಲಕ್ಕೆ 400 ಪಿಕ್ಸೆಲ್ ಎಂದರೆ ಒಂದು ಮಿಲಿಮೀಟರಿಗೆ ಸುಮಾರು 16. ಅರ್ಧ ಮಿಲಿಮೀಟರಿನ ಬಿಂದುವಿನ ವ್ಯಾಸ 8 ಪಿಕ್ಸೆಲ್, ವಿಸ್ತೀರ್ಣ ಸುಮಾರು 50 ಪಿಕ್ಸೆಲ್. ಹಗುರವಾಗಿ ಇಟ್ಟ 0.3 ಮಿಲಿಮೀಟರಿನ ಬಿಂದುವಿಗೆ ಸುಮಾರು 17. 0.2 ಮಿಲಿಮೀಟರಿನ ಪುಡಿಚುಕ್ಕೆಗೆ ಸುಮಾರು 8. ಹಾಗಾದರೆ 12ರ ಆಸುಪಾಸಿನಲ್ಲಿ ಗಡಿಯಿಟ್ಟು, ಅದಕ್ಕಿಂತ ಚಿಕ್ಕದಾದ, ಯಾವುದಕ್ಕೂ ಅಂಟದ ಕಪ್ಪು ತುಣುಕುಗಳನ್ನು ತೆಗೆದರೆ ಪುಡಿ ಹೋಗುತ್ತದೆ, ಬಿಂದು ಉಳಿಯುತ್ತದೆ. ಈ ಸಂಖ್ಯೆಯನ್ನು ಕಣ್ಣುಮುಚ್ಚಿ ಬಳಸಬೇಡಿ. ನಿಮ್ಮ ಪತ್ರದಲ್ಲಿ ಖಂಡಿತವಾಗಿ ಬರೆದವರದೇ ಆದ ಅತಿ ಚಿಕ್ಕ ಬಿಂದುವನ್ನು ಹುಡುಕಿ, ಅದರ ಪಿಕ್ಸೆಲ್ಲುಗಳನ್ನು ಎಣಿಸಿ, ಅದಕ್ಕಿಂತ ಕೆಳಗೆ ಗಡಿಯನ್ನಿಡಿ.

ಕಪ್ಪು-ಬಿಳುಪಾಗಿಸಿದ ಎರಡನೆಯ ಪುಟವನ್ನು p2-bw.png ಎಂಬ ಹೆಸರಿನಲ್ಲಿ ಉಳಿಸಿದ್ದೀರಿ ಎಂದಿಟ್ಟುಕೊಳ್ಳಿ. ಆದೇಶಗಳನ್ನು ಟೈಪ್ ಮಾಡಿ ಚಿತ್ರ ತಿದ್ದುವ ತಂತ್ರಾಂಶವಾದ ಇಮೇಜ್‌ಮ್ಯಾಜಿಕ್‌ನ 7ನೆಯ ಆವೃತ್ತಿಯಲ್ಲಿ ಆದೇಶ ಹೀಗಿರುತ್ತದೆ:

```
magick p2-bw.png -define connected-components:area-threshold=12 -define connected-components:mean-color=true -connected-components 8 -threshold 50% p2-tmp.png
magick p2-bw.png p2-tmp.png -compose Lighten -composite p2-clean.png
```

ಎರಡನೆಯ ಸಾಲು ಏಕೆ ಬೇಕೆಂದರೆ, ಮೊದಲ ಆದೇಶಕ್ಕೆ ಕಪ್ಪು ಬಿಳುಪಿನ ಭೇದವಿಲ್ಲ. ಕಪ್ಪಿನೊಳಗಿನ ಚಿಕ್ಕ ಬಿಳಿ ತುಣುಕುಗಳನ್ನೂ ಅದು ತುಂಬಿಬಿಡುತ್ತದೆ. ಪುಟ್ಟದಾಗಿ ಬರೆದ ಸೊನ್ನೆಯ ಒಳಗಿನ ತೂತು ಹೀಗೆ ಮುಚ್ಚಿಹೋಗಬಹುದು. ಎರಡು ಚಿತ್ರಗಳಲ್ಲಿ ಯಾವುದರಲ್ಲಿ ಬಿಳಿಯಿದೆಯೋ ಅದನ್ನು ಉಳಿಸಿಕೊಳ್ಳುವುದರಿಂದ ಕಪ್ಪು ಚುಕ್ಕೆಗಳು ಮಾತ್ರ ಹೋಗಿ ಅಕ್ಷರದ ತೂತುಗಳು ತೆರೆದೇ ಇರುತ್ತವೆ.

ಸುತ್ತಲಿನ ಪಿಕ್ಸೆಲ್ಲುಗಳ ನಡುವಿನ ಬೆಲೆಯನ್ನು ತೆಗೆದುಕೊಳ್ಳುವ ‘Median’ ಬಗೆಯ ಶೋಧಕಗಳನ್ನು ಕೈಬರಹಕ್ಕೆ ಬಳಸದಿರುವುದು ಒಳ್ಳೆಯದು. ಐದು ಪಿಕ್ಸೆಲ್ ಅಗಲದ ಚೌಕದಲ್ಲಿ ಅದು ಕೆಲಸ ಮಾಡಿದರೆ ಎರಡು ಪಿಕ್ಸೆಲ್ ದಪ್ಪದ ಗೆರೆ ಪೂರ್ತಿ ಮಾಯವಾಗುತ್ತದೆ. ಅಕ್ಷರಗಳನ್ನು ಕೂಡಿಸುವ ಎಳೆಗಳು ಹರಿದು, ಒಂದು ಪದ ಎರಡಾಗಿ ಕಾಣುತ್ತದೆ. ಅಕ್ಷರಕ್ಕೆ ಅಂಟಿಕೊಂಡ ಚುಕ್ಕೆಗಳನ್ನು ಮೇಲಿನ ಆದೇಶ ಮುಟ್ಟುವುದಿಲ್ಲ, ಅವು ಓದಿಗೆ ಅಡ್ಡಿಯೂ ಆಗುವುದಿಲ್ಲ. ಇನ್ನು ಅಂಚಿನ ಖಾಲಿ ಜಾಗದ ದೊಡ್ಡ ಚುಕ್ಕೆಗಳನ್ನು, ಅಲ್ಲಿ ಪುಟಸಂಖ್ಯೆಯಾಗಲಿ ಟಿಪ್ಪಣಿಯಾಗಲಿ ಇಲ್ಲವೆಂದು ನೋಡಿಕೊಂಡು, ಒಟ್ಟಿಗೆ ಅಳಿಸಬಹುದು.

## ಫ್ಯಾಕ್ಸ್ ಪ್ರತಿಗಳಲ್ಲಿ ಬೇರೆ ಏನು

ಫ್ಯಾಕ್ಸಿನಲ್ಲಿ ಮೊದಲ ಮಿತಿ ಯಂತ್ರದ್ದೇ. ‘Group 3’ ಎಂಬ ಮಾನಕದ ಸಾಧಾರಣ ಫ್ಯಾಕ್ಸ್, ಅಗಲಕ್ಕೆ ಅಂಗುಲಕ್ಕೆ ಸುಮಾರು 204 ಬಿಂದುಗಳನ್ನು, ಎತ್ತರಕ್ಕೆ ಕೇವಲ 98 ಸಾಲುಗಳನ್ನು ಕಳಿಸುತ್ತದೆ. ‘ಫೈನ್’ ಆಯ್ಕೆಯಲ್ಲಿ ಮಾತ್ರ ಸಾಲುಗಳು 196 ಆಗುತ್ತವೆ. ಸಾಧಾರಣ ಫ್ಯಾಕ್ಸಿನ ಒಂದು ಬಿಂದು ನಮ್ಮ ಸ್ಕ್ಯಾನಿನಲ್ಲಿ 2 ಪಿಕ್ಸೆಲ್ ಅಗಲ, 4 ಪಿಕ್ಸೆಲ್ ಎತ್ತರದ ಇಟ್ಟಿಗೆಯಾಗಿ, ಅಂದರೆ 8 ಪಿಕ್ಸೆಲ್ಲಾಗಿ ಕಾಣುತ್ತದೆ. 0.3 ಮಿಲಿಮೀಟರಿನ ಬಿಂದುವಿಗೆ ಅಂಥ ಎರಡೇ ಇಟ್ಟಿಗೆ ಸಿಗುತ್ತದೆ, ಕೊಳೆಯ ಚುಕ್ಕೆಗೂ ಎರಡು ಸಿಗಬಹುದು. ಆದ್ದರಿಂದ ಒಂಟಿ ಇಟ್ಟಿಗೆಗಳನ್ನು ಮಾತ್ರ ಯಂತ್ರದಿಂದ ತೆಗೆಸಿ. 12ರ ಗಡಿ ಇಲ್ಲಿಗೂ ಹೊಂದುತ್ತದೆ. ಎರಡು ಇಟ್ಟಿಗೆಯವನ್ನು ಒಂದೊಂದಾಗಿ ಓದಿ ತೀರ್ಮಾನಿಸಬೇಕು, ತೀರ್ಮಾನವಾಗದ್ದನ್ನು ಉಳಿಸಬೇಕು.

ಫ್ಯಾಕ್ಸ್ ಕಾಗದದಲ್ಲಿಲ್ಲದೆ ಗಣಕದ ಕಡತವಾಗಿಯೇ ಸಿಕ್ಕಿದ್ದರೆ, ಕೆಲವು ತಂತ್ರಾಂಶಗಳಲ್ಲಿ ಅದು ಎತ್ತರ ಕುಗ್ಗಿ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಅಗಲ 1728 ಪಿಕ್ಸೆಲ್, ಎತ್ತರ 1140ರ ಆಸುಪಾಸಿದ್ದರೆ ಅದು ಸಾಧಾರಣ ಆಯ್ಕೆಯಲ್ಲಿ ಬಂದ ಎ4 ಪುಟ. ಎತ್ತರವನ್ನು 2.08 ಪಟ್ಟು ಮಾಡಿದರೆ ಸರಿಹೋಗುತ್ತದೆ:

```
magick fax.tif -sample 100%x208% fax-fixed.png
```

ಚುಕ್ಕೆ ತೆಗೆಯುವ ಕೆಲಸವನ್ನು ಮಾತ್ರ ಹಿಗ್ಗಿಸುವ ಮೊದಲೇ, ಮೂಲ ಅಳತೆಯಲ್ಲಿ ಮುಗಿಸಿಕೊಳ್ಳಿ. ಅಲ್ಲಿ ಗಡಿ 2 ಎಂದಿಟ್ಟರೆ ಒಂಟಿ ಪಿಕ್ಸೆಲ್ಲುಗಳು ಮಾತ್ರ ಹೋಗುತ್ತವೆ.

ಪುಟದ ಉದ್ದಕ್ಕೂ ಇಳಿದ ತೆಳು ಕರಿ ಗೆರೆ ಕಳಿಸಿದ ಯಂತ್ರದ ಕೊಳೆ: ಕಾಗದ ಸಾಗುವಾಗ ಓದುವ ಗಾಜಿನ ಮೇಲೆ ಕೂತ ಧೂಳು. ಸಾಲುಗಳ ನಡುವೆ ಅದನ್ನು ಅಳಿಸಿ, ಅಕ್ಷರಗಳನ್ನು ದಾಟುವಲ್ಲಿ ಬಿಟ್ಟುಬಿಡಿ. ಅಡ್ಡಗೆರೆಗಳು, ಮಧ್ಯೆ ಜಿಗಿದ ಸಾಲುಗಳು ದೂರವಾಣಿ ತಂತಿಯಲ್ಲಿ ಆದ ನಷ್ಟ. ಅಲ್ಲಿ ಕಳೆದದ್ದನ್ನು ಯಾವ ತಿದ್ದುಪಡಿಯೂ ತರುವುದಿಲ್ಲ. ಪುಟದ ತಲೆಯಲ್ಲಿ ಅಚ್ಚಾಗಿರುವ ದಿನಾಂಕ, ಸಮಯ, ಸಂಖ್ಯೆಗಳ ಸಾಲು ಕೊಳೆಯಲ್ಲ, ಅಂಚು ಕತ್ತರಿಸುವಾಗ ಅದನ್ನು ಉಳಿಸಿಕೊಳ್ಳಿ.

ನುಣುಪಾದ, ಸುರುಳಿಯಾಗುವ ಉಷ್ಣಕಾಗದದ ಫ್ಯಾಕ್ಸ್ ಆಗಿದ್ದರೆ ಮೊದಲು ಸ್ಕ್ಯಾನ್, ಉಳಿದದ್ದು ಆಮೇಲೆ. ಬೆಳಕಿಗೆ ಅದು ಮಾಸುತ್ತದೆ, ಬಿಸಿಗೆ ಕಪ್ಪಾಗುತ್ತದೆ. ಲ್ಯಾಮಿನೇಶನ್ ಮಾಡಿಸಿದರೆ ಇಡೀ ಹಾಳೆ ಕಪ್ಪಾಗಬಹುದು, ಪಿವಿಸಿ ಲಕೋಟೆಯಲ್ಲಿಟ್ಟರೆ ಬರಹ ನಿಧಾನವಾಗಿ ಅಳಿಸುತ್ತದೆ. ಕಾಗದ ಹಳದಿಯಾಗಿದ್ದರೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಅದರ ಕೆಂಪು ವಾಹಿನಿಯನ್ನು ಮಾತ್ರ ಬಳಸಿ. ಅದರಲ್ಲಿ ಹಳದಿ ಬಹುಪಾಲು ಬಿಳಿಯಾಗಿ ಕಾಣುತ್ತದೆ.

## ತೆಗೆದದ್ದನ್ನು ಓದಿ ನೋಡುವುದು

ಶುಚಿಯಾದ ಪುಟವನ್ನು ಎಷ್ಟು ನೋಡಿದರೂ ಏನು ಕಳೆಯಿತೆಂದು ತಿಳಿಯುವುದಿಲ್ಲ, ಏಕೆಂದರೆ ಕಳೆದದ್ದು ಅಲ್ಲಿಲ್ಲ. ನೋಡಬೇಕಾದದ್ದು ತೆಗೆದುಹಾಕಿದ ಚುಕ್ಕೆಗಳ ಚಿತ್ರವನ್ನು:

```
magick p2-bw.png p2-clean.png -compose Difference -composite -negate p2-removed.png
```

ಈ ಚಿತ್ರದಲ್ಲಿ ಚುಕ್ಕೆಗಳು ಪುಟದ ತುಂಬ ಸಮನಾಗಿ, ಕ್ರಮವಿಲ್ಲದೆ ಹರಡಿದ್ದರೆ ಹೋದದ್ದು ಟೋನರಿನ ಪುಡಿ. ಚುಕ್ಕೆಗಳು ಸಾಲುಸಾಲಾಗಿ, ಬರಹ ಇದ್ದ ಎತ್ತರದಲ್ಲಿಯೇ ಗುಂಪುಗೂಡಿದ್ದರೆ ಬರಹವೇ ಹೋಗುತ್ತಿದೆಯೆಂದು ಅರ್ಥ. ಗಡಿಯನ್ನು 12ರಿಂದ 8ಕ್ಕೆ ಇಳಿಸಿ ಮತ್ತೆ ಮಾಡಿ. ನಮ್ಮ ಪತ್ರದ ಮೂರನೆಯ ಪುಟದಲ್ಲಿ ಇನ್ನೊಂದು ಮೊತ್ತವಿದೆ, ‘37.25’, ಅದರ ಬಿಂದು 17 ಪಿಕ್ಸೆಲ್ಲಿನದು, ಮತ್ತು ಪುಟಗಳನ್ನು ಒಂದರ ಮೇಲೊಂದಿಟ್ಟಾಗ ಉಳಿದೆರಡು ಪುಟಗಳ ಆ ಜಾಗ ಬಿಳಿಯಾಗಿತ್ತು. 12ರ ಗಡಿಯಲ್ಲಿ ಅದು ಉಳಿಯುತ್ತದೆ, 20ಕ್ಕೆ ಏರಿಸಿದರೆ ತೆಗೆದ ಚುಕ್ಕೆಗಳ ಚಿತ್ರದಲ್ಲಿ ಸಿಗುತ್ತದೆ. ಅಂಕಿಗಳಿರುವ ಪ್ರತಿಯೊಂದು ಸಾಲನ್ನೂ ಹೀಗೆ ಮೂಲ ಸ್ಕ್ಯಾನಿನೊಂದಿಗೆ ಒಂದೊಂದಾಗಿ ತಾಳೆ ನೋಡಿದ ಮೇಲೆಯೇ, ಶುಚಿ ಪ್ರತಿಯನ್ನು ಮೂಲ ಸ್ಕ್ಯಾನಿನ ಪಕ್ಕದಲ್ಲಿ, ಬಳಸಿದ ಗಡಿಯ ಸಂಖ್ಯೆಯನ್ನು ಕಡತದ ಹೆಸರಿನಲ್ಲಿಯೇ ಸೇರಿಸಿ ಉಳಿಸಿ.